ಆರ್ಗನೋಫಾಸ್ಫೇಟ್ ವಿಷ, ನರಗಳು ಮತ್ತು ಅಟ್ರೋಪಿನ್

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್, ಮೆಲಾಥಿಯಾನ್, ಮೊನೊಕ್ರೊಟೊಫಾಸ್. ಗೊಬ್ಬರದಂಗಡಿಗಳಲ್ಲಿ ನಾನಾ ಕಂಪನಿಗಳ ನಾನಾ ಹೆಸರಿನಲ್ಲಿ ಮಾರಾಟವಾಗುವ, ಇಲ್ಲವೇ ಈಚಿನವರೆಗೂ ಮಾರಾಟವಾಗುತ್ತಿದ್ದ ಈ ಕೀಟನಾಶಕಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಅಣುವಿನ ನಡುವೆ ಒಂದು ರಂಜಕದ ಪರಮಾಣು, ಅದಕ್ಕೆ ಅಂಟಿಕೊಂಡ ಆಮ್ಲಜನಕ ಅಥವಾ ಗಂಧಕ, ಅದರಾಚೆಗೆ ಇಂಗಾಲದ ಕವಲುಗಳು: ಇದು ಆರ್ಗನೋಫಾಸ್ಫೇಟ್‌ಗಳ ಮೂಲ ವಿನ್ಯಾಸ. ಕವಲುಗಳು ಬದಲಾದಂತೆ ಹೆಸರು ಬದಲಾಗುತ್ತದೆ, ವಿಷದ ತೀವ್ರತೆಯೂ ಬದಲಾಗುತ್ತದೆ. ಕೊಲ್ಲುವ ಬಗೆ ಮಾತ್ರ ಎಲ್ಲಕ್ಕೂ ಒಂದೇ. ಅವು ಕೀಟದ ನರಮಂಡಲದಲ್ಲಿರುವ ಒಂದು ಕಿಣ್ವವನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತವೆ. ಅದೇ ಕಿಣ್ವ ಮನುಷ್ಯನ ನರಮಂಡಲದಲ್ಲೂ ಇದೆ. ತೊಗರಿಯ ಕಾಯಿಕೊರಕ ಹುಳುವನ್ನು ಕೊಲ್ಲಲು ಸಿಂಪಡಿಸಿದ ಔಷಧಿ ಸಿಂಪಡಿಸುವವನನ್ನೂ ನೆಲಕ್ಕೆ ಕೆಡವಬಲ್ಲುದು ಈ ಕಾರಣಕ್ಕೆ.

ಈ ವಿಷಕ್ಕೆ ಆಸ್ಪತ್ರೆಗಳಲ್ಲಿ ಮೊದಲು ಕೊಡುವ ಮದ್ದು ಅಟ್ರೋಪಿನ್. ಅದು ವಿಷವನ್ನು ನಾಶಮಾಡುವುದಿಲ್ಲ, ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವುದೂ ಇಲ್ಲ. ಆದರೂ ಜೀವ ಉಳಿಸುತ್ತದೆ. ಹೇಗೆ ಉಳಿಸುತ್ತದೆ, ಎಲ್ಲಿ ಅದರ ಕೈ ಸಾಗುವುದಿಲ್ಲ ಎಂಬುದನ್ನು ಅರಿಯಲು ಮೊದಲು ನರದ ತುದಿಯಲ್ಲಿ ನಡೆಯುವ ಕೆಲಸವನ್ನು ನೋಡಬೇಕು.

ನರದ ತುದಿಯಲ್ಲಿ

ನರದೊಳಗೆ ಸಂದೇಶ ಹರಿಯುವುದು ವಿದ್ಯುತ್ತಿನ ರೂಪದಲ್ಲಿ. ಆದರೆ ನರ ಮುಗಿದು ಸ್ನಾಯುವೋ ಗ್ರಂಥಿಯೋ ಇನ್ನೊಂದು ನರವೋ ಶುರುವಾಗುವಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಆ ಸಂದನ್ನು ಸಂದೇಶ ದಾಟುವುದು ರಾಸಾಯನಿಕದ ಮೂಲಕ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೊ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಆತ ಕಪ್ಪೆಯ ಮಿಡಿಯುವ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಪ್ರಚೋದಿಸಿದಾಗ ಮಿಡಿತ ನಿಧಾನವಾಯಿತು. ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ತೆಗೆದು ಇನ್ನೊಂದು ಹೃದಯದ ಮೇಲೆ ಬಿಟ್ಟಾಗ, ಅದರ ನರವನ್ನು ಯಾರೂ ಮುಟ್ಟದಿದ್ದರೂ ಅದರ ಮಿಡಿತವೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ವಸ್ತು ದ್ರವಕ್ಕೆ ಇಳಿದಿತ್ತು. ಅದು ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು. ಲೋವಿಯ ಪ್ರಯೋಗಗಳಲ್ಲೇ ಇನ್ನೊಂದು ಸಂಗತಿಯೂ ಹೊರಬಿತ್ತು: ಹೃದಯಕ್ಕೆ ಮೊದಲೇ ಅಟ್ರೋಪಿನ್ ಹಾಕಿದ್ದರೆ ನರ ಆ ವಸ್ತುವನ್ನು ಎಂದಿನಂತೆ ಸುರಿಸುತ್ತದೆ, ಹೃದಯ ಮಾತ್ರ ಅದಕ್ಕೆ ಓಗೊಡುವುದಿಲ್ಲ. ಇಂದು ವಿಷ ತಾಗಿದ ರೈತನಿಗೆ ಅಟ್ರೋಪಿನ್ ಕೊಡುವುದರ ಹಿಂದಿನ ತರ್ಕವೆಲ್ಲ ಈ ಒಂದು ವಾಕ್ಯದಲ್ಲಿದೆ.

ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಸಂದನ್ನು ದಾಟಿ ಎದುರಿನ ಜೀವಕೋಶದ ಮೇಲಿರುವ ಗ್ರಾಹಕ ಎಂಬ ಪ್ರೋಟೀನಿಗೆ ಕೂಡಿಕೊಳ್ಳುತ್ತದೆ. ಸ್ನಾಯುವಾದರೆ ಸೆಟೆಯುತ್ತದೆ, ಗ್ರಂಥಿಯಾದರೆ ಸ್ರವಿಸುತ್ತದೆ. ಮರುಕ್ಷಣವೇ ಆ ಅಸಿಟೈಲ್‌ಕೋಲಿನ್ ಅಲ್ಲಿಂದ ತೊಲಗಬೇಕು. ತೊಲಗದಿದ್ದರೆ ಒಂದು ಸಂದೇಶ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂಬುದು ಕೋಶಕ್ಕೆ ತಿಳಿಯುವುದೇ ಇಲ್ಲ. ತೊಲಗಿಸುವ ಕೆಲಸ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ್ದು. ದೇಹದ ಅತ್ಯಂತ ಚುರುಕಾದ ಕಿಣ್ವಗಳಲ್ಲಿ ಇದೊಂದು. ಇದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಎರಡಾಗಿ ಸೀಳುತ್ತದೆ.

ದೇಹದಲ್ಲಿ ಅಸಿಟೈಲ್‌ಕೋಲಿನ್‌ಗೆ ಎರಡು ಬಗೆಯ ಗ್ರಾಹಕಗಳಿವೆ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ಮೊದಲನೆಯದು ಮಸ್ಕರಿನಿಕ್ ಗ್ರಾಹಕ. ಜೊಲ್ಲು, ಕಣ್ಣೀರು, ಬೆವರು ಮತ್ತು ಶ್ವಾಸನಾಳದ ಲೋಳೆಯನ್ನು ಸುರಿಸುವ ಗ್ರಂಥಿಗಳಲ್ಲಿ, ಹೃದಯದಲ್ಲಿ, ಕರುಳು, ಮೂತ್ರಕೋಶ, ಶ್ವಾಸನಾಳಗಳ ಗೋಡೆಯಲ್ಲಿ, ಕಣ್ಣಿನ ಪಾಪೆಯನ್ನು ಕಿರಿದಾಗಿಸುವ ಸ್ನಾಯುವಿನಲ್ಲಿ ಇರುವುದು ಇದು. ಎರಡನೆಯದು ನಿಕೋಟಿನಿಕ್ ಗ್ರಾಹಕ. ಕೈಕಾಲು, ಕುತ್ತಿಗೆ, ಪಕ್ಕೆಲುಬುಗಳ ನಡುವೆ, ಮತ್ತು ಉಸಿರೆಳೆಯುವ ವಪೆಯಲ್ಲಿರುವ ಸ್ನಾಯುಗಳು ಇದರ ಮೂಲಕ ನರದ ಆಜ್ಞೆ ಪಡೆಯುತ್ತವೆ. ಮಿದುಳಿನಲ್ಲಿ ಎರಡೂ ಇವೆ.

ಕಿಣ್ವ ಕಟ್ಟಿಬೀಳುವ ಬಗೆ

ಅಸಿಟೈಲ್‌ಕೋಲಿನ್‌ಎಸ್ಟರೇಸ್‌ನ ಒಳಗೆ ಆಳವಾದ ಒಂದು ಪೊಟರೆಯಿದೆ. ಅದರ ತಳದಲ್ಲಿ ಸೀರಿನ್ ಎಂಬ ಅಮೈನೋ ಆಮ್ಲ ಕೂತಿದೆ. ಸೀಳುವ ಕೆಲಸ ನಡೆಯುವುದು ಅಲ್ಲಿ. ಅಸಿಟೈಲ್‌ಕೋಲಿನ್ ಒಳಬಂದಾಗ ಅದರ ಒಂದು ತುಂಡು ಸೀರಿನ್‌ಗೆ ಅಂಟಿ, ಕಣ್ಣೆವೆ ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ನೀರಿನ ಅಣುವೊಂದು ಅದನ್ನು ಬಿಡಿಸಿಬಿಡುತ್ತದೆ. ಆರ್ಗನೋಫಾಸ್ಫೇಟ್ ಕೂಡ ಅದೇ ಪೊಟರೆಗೆ ಇಳಿದು ಅದೇ ಸೀರಿನ್‌ಗೆ ತನ್ನ ರಂಜಕವನ್ನು ಅಂಟಿಸುತ್ತದೆ. ಆದರೆ ಈ ಬಂಧವನ್ನು ನೀರು ಸುಲಭಕ್ಕೆ ಬಿಡಿಸಲಾರದು. ತಾನಾಗಿ ಬಿಡಲು ಗಂಟೆಗಳೋ ದಿನಗಳೋ ಬೇಕು. ಗದ್ದೆಗೆ ನೀರು ಹರಿಯುತ್ತಲೇ ಇದ್ದು ಹೊರಹೋಗುವ ಕಂಡಿಯನ್ನು ಮಣ್ಣು ಹಾಕಿ ಮುಚ್ಚಿದರೆ ಏನಾಗುವುದೋ ಅದೇ ಇಲ್ಲೂ ಆಗುತ್ತದೆ: ನರ ಎಂದಿನಷ್ಟೇ ಅಸಿಟೈಲ್‌ಕೋಲಿನ್ ಬಿಡುತ್ತದೆ, ಅದು ಹೋಗುವುದಿಲ್ಲ, ಸಂದಿನಲ್ಲಿ ತುಂಬಿ ನಿಲ್ಲುತ್ತದೆ. ಮಸ್ಕರಿನಿಕ್ ಗ್ರಾಹಕವಿರುವ ಗ್ರಂಥಿಗಳು ನಿಲ್ಲದೆ ಸ್ರವಿಸುತ್ತವೆ. ನಿಕೋಟಿನಿಕ್ ಗ್ರಾಹಕವಿರುವ ಸ್ನಾಯುಗಳು ಮೊದಲು ಚರ್ಮದಡಿ ಪಟಪಟ ಅದುರುತ್ತವೆ, ಆಮೇಲೆ ಬಿಡುವಿಲ್ಲದ ಆಜ್ಞೆಗೆ ದಣಿದು ಪ್ರತಿಕ್ರಿಯಿಸುವುದನ್ನೇ ನಿಲ್ಲಿಸಿ ಸೋತುಬೀಳುತ್ತವೆ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್‌ಗಳಲ್ಲಿ ರಂಜಕಕ್ಕೆ ಅಂಟಿರುವುದು ಗಂಧಕ. ಆ ರೂಪದಲ್ಲಿ ಅವು ಕಿಣ್ವವನ್ನು ಅಷ್ಟಾಗಿ ಕಾಡುವುದಿಲ್ಲ. ಯಕೃತ್ತು ಆ ಗಂಧಕವನ್ನು ತೆಗೆದು ಆಮ್ಲಜನಕವನ್ನು ಕೂರಿಸಿದ ಮೇಲೆಯೇ ಅವು ನಿಜವಾದ ವಿಷವಾಗುವುದು. ಹೀಗೆ ದೇಹವೇ ವಿಷವನ್ನು ತಯಾರಿಸುವುದರಿಂದ ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಬಹುದು. ಕೊಬ್ಬಿನಲ್ಲಿ ಕರಗುವಂಥವು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ರಕ್ತಕ್ಕೆ ಬರುತ್ತ ಕಾಟವನ್ನು ದಿನಗಟ್ಟಲೆ ಎಳೆಯುತ್ತವೆ. ಮೊನೊಕ್ರೊಟೊಫಾಸ್ ಮತ್ತು ಪ್ರೊಫೆನೊಫಾಸ್‌ಗೆ ಈ ಬದಲಾವಣೆಯ ಹಂಗಿಲ್ಲ. ಅವುಗಳ ಅಣುವಿನಲ್ಲಿ ಆಮ್ಲಜನಕ ಮೊದಲೇ ಇದೆ.

ಕಟ್ಟಿಬಿದ್ದ ಕಿಣ್ವದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಅಂಟಿಕೊಂಡ ರಂಜಕದ ಒಂದು ಕವಲು ಕಳಚಿ ಬೀಳುತ್ತದೆ. ಇದಕ್ಕೆ ಕಿಣ್ವದ ಮುಪ್ಪು ಎನ್ನಬಹುದು. ಮುಪ್ಪಾದ ಕಿಣ್ವವನ್ನು ಯಾವ ಮದ್ದೂ ಬಿಡಿಸಲಾರದು. ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ ಕಾಯಬೇಕು. ಮೊನೊಕ್ರೊಟೊಫಾಸ್, ಡೈಮಿಥೋಯೇಟ್‌ನಂಥ ಡೈಮಿಥೈಲ್ ಗುಂಪಿನ ವಿಷಗಳಲ್ಲಿ ಸುಮಾರು 3.7 ಗಂಟೆಗಳಲ್ಲಿ ಅರ್ಧದಷ್ಟು ಕಿಣ್ವ ಮುಪ್ಪಾಗುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಡೈಈಥೈಲ್ ಗುಂಪಿನಲ್ಲಿ ಅದಕ್ಕೆ ಸುಮಾರು 33 ಗಂಟೆ ಬೇಕು.

ಈ ಕುಟುಂಬದ ಸ್ವಭಾವ ಮೊದಲು ಮೈಮೇಲೆ ಬಂದದ್ದು ಅದನ್ನು ತಯಾರಿಸಿದವರಿಗೇ. ಲೋವಿಗೆ ನೊಬೆಲ್ ಬಂದ 1936ರ ಕೊನೆಯಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಹೊಸ ಕೀಟನಾಶಕಗಳನ್ನು ಹುಡುಕುತ್ತಿದ್ದ. ಆತ ತಯಾರಿಸಿದ ಒಂದು ದ್ರವದ ಕೆಲವೇ ಹನಿ ಮೇಜಿನ ಮೇಲೆ ಚೆಲ್ಲಿದ್ದಕ್ಕೆ ಅವನ ಮತ್ತು ಸಹಾಯಕನ ಪಾಪೆಗಳು ಕಿರಿದಾಗಿ ಕಣ್ಣು ಮಂಜಾಯಿತು, ಉಸಿರು ಕಟ್ಟಿತು. ಆ ದ್ರವವನ್ನು ಸೇನೆ ಟಬುನ್ ಎಂಬ ಯುದ್ಧವಿಷವನ್ನಾಗಿ ಮಾಡಿಕೊಂಡಿತು. ಅದೇ ಶ್ರಾಡರ್ ಮುಂದೆ ತಯಾರಿಸಿದ ಪ್ಯಾರಾಥಿಯಾನ್ ಹೊಲಗಳಿಗೆ ಇಳಿಯಿತು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಭಾರತ 1968ರಲ್ಲಿ ಕೀಟನಾಶಕ ಕಾಯ್ದೆ ತಂದದ್ದು ಆ ದುರಂತದ ನಂತರ.

ಹೊಲದಿಂದ ಮೈಯೊಳಕ್ಕೆ

ಆತ್ಮಹತ್ಯೆಗೆಂದು ಕುಡಿದವರಲ್ಲಿ ವಿಷಬಾಧೆ ಅತ್ಯಂತ ಉಗ್ರವಾಗಿರುತ್ತದೆ. ಸಾವುಗಳಲ್ಲಿ ಹೆಚ್ಚಿನವೂ ಅವೇ. ಸಿಂಪಡಿಸುವವರಿಗೆ ವಿಷ ತಗಲುವುದು ಮುಖ್ಯವಾಗಿ ಚರ್ಮದ ಮೂಲಕ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕು ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆದರೆ ಈ ದ್ರವಗಳು ಎಣ್ಣೆಯಂತೆ ಚರ್ಮವನ್ನು ದಾಟಿ ಒಳಗಿಳಿಯುತ್ತವೆ. ಮೈಯ ಎಲ್ಲ ಕಡೆಯ ಚರ್ಮವೂ ಒಂದೇ ಸಮನಾಗಿ ಹೀರುವುದಿಲ್ಲ. ಪ್ಯಾರಾಥಿಯಾನ್ ಬಳಸಿ ನಡೆಸಿದ ಒಂದು ಹಳೆಯ ಅಧ್ಯಯನದಲ್ಲಿ ಮುಂಗೈ ಹೀರಿದ್ದು ಹಚ್ಚಿದ್ದರಲ್ಲಿ ಶೇ. 9ರಷ್ಟು, ಕಂಕುಳು ಹೀರಿದ್ದು ಶೇ. 60ಕ್ಕಿಂತ ಹೆಚ್ಚು; ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ. ಬೆನ್ನಿಗೆ ಹಾಕಿಕೊಂಡ ಪಂಪಿನ ಮುಚ್ಚಳದಿಂದ ಸೋರಿದ ದ್ರಾವಣ ಬೆನ್ನಿನಿಂದಿಳಿದು ಚಡ್ಡಿಯನ್ನು ತೋಯಿಸಿದರೆ ಆಗುವ ಅಪಾಯ ಎಂಥದೆಂದು ಈ ಅಂಕಿಗಳೇ ಹೇಳುತ್ತವೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಹಂತಹಂತವಾಗಿ ನೋಡಬಹುದು. ಕಲಬುರಗಿ ಸೀಮೆಯ ತೊಗರಿ ಹೊಲ, ಗಿಡ ಎದೆಯೆತ್ತರ ದಾಟಿ ಹೂ ಬಿಟ್ಟಿರುವ ಕಾಲ. ಕಾಯಿಕೊರಕದ ಮೊಟ್ಟೆಗಳಿಗೆ ಪ್ರೊಫೆನೊಫಾಸ್ ಶಿಫಾರಸಾಗಿದೆ, ಲೀಟರ್ ನೀರಿಗೆ 2 ಮಿಲಿಲೀಟರ್. 16 ಲೀಟರಿನ ಪಂಪಿಗೆ 32 ಮಿಲಿಲೀಟರ್ ಸಾಕು. ರೈತ ಮುಚ್ಚಳದ ಅಂದಾಜಿನಲ್ಲಿ ಇದರ ಎರಡರಷ್ಟು ಹಾಕಿ ಬರಿಗೈಯಲ್ಲಿ ಕಲಕುತ್ತಾನೆ. ಗಿಡ ಎತ್ತರವಾದ್ದರಿಂದ ನಳಿಕೆಯನ್ನು ಭುಜದ ಮಟ್ಟಕ್ಕೆ ಹಿಡಿದು ನಡೆಯುತ್ತಾನೆ, ಎದುರುಗಾಳಿಗೆ ಮಂಜು ಮುಖಕ್ಕೇ ಬೀಳುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹತ್ತು ಪಂಪು. ಪಂಪು ಸೋರಿ ಅಂಗಿ ಬೆನ್ನಿಗೆ ಅಂಟಿದೆ. ಬಿಸಿಲಿಗೆ ಬೆವರಿ ಬಿಸಿಯಾದ ಚರ್ಮಕ್ಕೆ ರಕ್ತದ ಹರಿವು ಹೆಚ್ಚಿ, ಹೀರುವುದೂ ಹೆಚ್ಚುತ್ತದೆ.

ಮೊದಲು ತಲೆನೋವು, ಹೊಟ್ಟೆ ತೊಳಸುವಿಕೆ, ಕಣ್ಣು ಮಂಜು. ಇದು ಬಿಸಿಲಿನ ಏಟೆಂದು ಮರದ ನೆರಳಿಗೆ ಕೂತು ಮಜ್ಜಿಗೆ ಕುಡಿಯುವುದು ಸಾಮಾನ್ಯ. ಬಿಸಿಲಿಗೆ ಬಸವಳಿದವನನ್ನೂ ಇವನನ್ನೂ ಬೇರೆ ಮಾಡಿ ತೋರಿಸುವುದು ನೀರು: ಬಿಸಿಲಿಗೆ ಬಸವಳಿದವನ ಬಾಯಿ ಒಣಗಿರುತ್ತದೆ, ಇವನ ಬಾಯಿಂದ ಜೊಲ್ಲು ಸುರಿಯುತ್ತದೆ. ಆಮೇಲೆ ವಾಂತಿ, ಭೇದಿ, ತಡೆಯಲಾಗದ ಮೂತ್ರ, ಕಣ್ಣೀರು, ಬಟ್ಟೆ ಹಿಂಡುವಷ್ಟು ಬೆವರು. ಪಾಪೆಗಳು ಸೂಜಿಮೊನೆಯಷ್ಟಾಗುತ್ತವೆ. ತೊಡೆಯ, ಕೆನ್ನೆಯ, ರೆಪ್ಪೆಯ ಸ್ನಾಯುಗಳು ಚರ್ಮದಡಿ ಹುಳು ಹರಿದಂತೆ ಅದುರುತ್ತವೆ. ಎದೆಯಲ್ಲಿ ಗೊರಗೊರ ಸದ್ದು ಶುರುವಾದರೆ ಸಮಯ ಬಹಳ ಕಡಿಮೆಯಿದೆ ಎಂದರ್ಥ. ಶ್ವಾಸನಾಳದ ಗ್ರಂಥಿಗಳು ಸುರಿಸುವ ನೀರು ಶ್ವಾಸಕೋಶವನ್ನು ತುಂಬುತ್ತಿರುತ್ತದೆ, ನಾಳಗಳೂ ಬಿಗಿದುಕೊಂಡಿರುತ್ತವೆ, ಉಸಿರೆಳೆಯುವ ಸ್ನಾಯುಗಳು ಸೋಲುತ್ತಿರುತ್ತವೆ, ಮಿದುಳಿನ ಉಸಿರಾಟದ ಕೇಂದ್ರವೂ ಮಂಕಾಗುತ್ತಿರುತ್ತದೆ. ಈ ವಿಷ ಕೊಲ್ಲುವುದು ಬಹುಮಟ್ಟಿಗೆ ಉಸಿರು ಕಟ್ಟಿಸಿ.

ಹೊಲದಲ್ಲಿ ಮಾಡಬೇಕಾದದ್ದು ಕಡಿಮೆ, ಆದರೆ ಬೇಗ ಮಾಡಬೇಕು. ತೊಯ್ದ ಬಟ್ಟೆಯನ್ನೆಲ್ಲ ತೆಗೆದು ಸೋಪು, ಧಾರಾಳ ನೀರಿನಿಂದ ಮೈ, ಕೂದಲು, ಉಗುರುಸಂದುಗಳನ್ನು ತೊಳೆಯಬೇಕು. ತೊಳೆಯುವವರು ಕೈಗೆ ರಬ್ಬರ್ ಗವುಸು, ಅದಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಬೇಕು. ಜ್ಞಾನ ಮಂಕಾಗಿದ್ದರೆ ಎಡಮಗ್ಗುಲಿಗೆ ಮಲಗಿಸಿ ಬಾಯಿ ಕೆಳಮುಖವಾಗಿರುವಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಉಪ್ಪುನೀರು ಕುಡಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಕೂಡದು. ವಾಂತಿ ಶ್ವಾಸನಾಳಕ್ಕೆ ಹೋದರೆ, ಕೀಟನಾಶಕವನ್ನು ಕರಗಿಸಿರುವ ಪೆಟ್ರೋಲಿಯಂ ಎಣ್ಣೆಯೂ ಜೊತೆಗೆ ಹೋಗಿ ಶ್ವಾಸಕೋಶವನ್ನು ಸುಡುತ್ತದೆ. ಔಷಧಿಯ ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಚೀಟಿಯ ಮೇಲೆ ರಾಸಾಯನಿಕದ ಹೆಸರು, ವಿಷದ ತೀವ್ರತೆ ಹೇಳುವ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನ, ಪ್ರತಿವಿಷದ ಮಾಹಿತಿ ಇರುತ್ತವೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಸಿಂಪಡಿಸಿದ ನೂರಾರು ಜನ ಆಸ್ಪತ್ರೆ ಸೇರಿ ಸುಮಾರು 20 ಮಂದಿ ಸತ್ತಾಗ ಇದರ ಬೆಲೆ ತಿಳಿದಿತ್ತು. ಅಲ್ಲಿ ರೈತರು ಪ್ರೊಫೆನೊಫಾಸ್ ಇರುವ ಔಷಧಿಗಳ ಜೊತೆಗೆ ಬೇರೆ ಕುಟುಂಬದ ಕೀಟನಾಶಕಗಳನ್ನೂ ಬಳಸಿದ್ದರು. ಡಯಾಫೆಂಥಿಯುರಾನ್‌ನಂಥವಕ್ಕೆ ಪ್ರತಿವಿಷವೇ ಇಲ್ಲ, ಅಟ್ರೋಪಿನ್ ಅಲ್ಲಿ ನೆರವಿಗೆ ಬಾರದು.

ಅಟ್ರೋಪಿನ್ ಮಾಡುವ ಕೆಲಸ

ಅಟ್ರೋಪಿನ್ ಬೆಲ್ಲಡೋನಾ ಎಂಬ ಗಿಡದಿಂದ ಬಂದ ವಸ್ತು. ನಮ್ಮ ಬೇಲಿಗಳ ಉಮ್ಮತ್ತಿಯಲ್ಲೂ ಇದರ ಬಳಗದ ಕ್ಷಾರಗಳಿವೆ. (ಉಮ್ಮತ್ತಿಯ ಬೀಜ ಅರೆದು ಕುಡಿಸುವ ಯೋಚನೆ ಯಾರಿಗೂ ಬರಬಾರದು. ಅದರಲ್ಲಿ ಎಷ್ಟು ಸತ್ವವಿದೆಯೆಂದು ಅಳೆಯಲಾಗದು, ಅದೇ ಇನ್ನೊಂದು ವಿಷವಾಗುತ್ತದೆ.) ಅಟ್ರೋಪಿನ್ ಅಣು ಮಸ್ಕರಿನಿಕ್ ಗ್ರಾಹಕದಲ್ಲಿ ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ಆದರೆ ಗ್ರಾಹಕವನ್ನು ಎಬ್ಬಿಸುವುದಿಲ್ಲ. ಸುತ್ತ ಅಸಿಟೈಲ್‌ಕೋಲಿನ್ ಎಷ್ಟೇ ತುಂಬಿದ್ದರೂ ಗ್ರಂಥಿಗೆ ಆಜ್ಞೆ ತಲುಪುವುದಿಲ್ಲ. ಎದೆಯ ನೀರು ನಿಲ್ಲುತ್ತದೆ, ಶ್ವಾಸನಾಳ ಸಡಿಲಾಗುತ್ತದೆ, ನಿಧಾನವಾಗಿದ್ದ ಹೃದಯ ವೇಗ ಪಡೆಯುತ್ತದೆ.

ಒಂದು ಜಾಗಕ್ಕೆ ಇಬ್ಬರೂ ಪೈಪೋಟಿ ನಡೆಸುವುದರಿಂದ, ಎಷ್ಟು ಅಟ್ರೋಪಿನ್ ಬೇಕು ಎಂಬುದನ್ನು ತೀರ್ಮಾನಿಸುವುದು ಆ ಹೊತ್ತಿಗೆ ಎಷ್ಟು ಅಸಿಟೈಲ್‌ಕೋಲಿನ್ ತುಂಬಿದೆ ಎಂಬ ಅಂಶ. ಅದನ್ನು ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಇದಕ್ಕೆ ಗೊತ್ತುಪಡಿಸಿದ ಡೋಸ್ ಇಲ್ಲ, ಗುರಿ ಮಾತ್ರ ಇದೆ. ಬೇರೆ ಕಾಯಿಲೆಗಳಲ್ಲಿ ಒಂದು ಆಂಪ್ಯೂಲ್, ಅಂದರೆ 0.6 ಮಿಲಿಗ್ರಾಂ ಅಟ್ರೋಪಿನ್ ಕೊಟ್ಟು ರೂಢಿಯಾದ ಕೈ ಇಲ್ಲಿ ಹತ್ತಾರು ಆಂಪ್ಯೂಲ್ ಒಡೆಯಲು ಹಿಂಜರಿಯುತ್ತದೆ. ಆ ಹಿಂಜರಿಕೆ ಜೀವಕ್ಕೆ ಎರವಾಗುತ್ತದೆ.

ಮೇಲಿನ ಉದಾಹರಣೆಯ ರೈತ ತಾಲ್ಲೂಕು ಆಸ್ಪತ್ರೆಗೆ ಬಂದಾಗ ಎದೆಯ ಎರಡೂ ಕಡೆ ಗೊರಗೊರ ಸದ್ದು, ನಾಡಿ ನಿಮಿಷಕ್ಕೆ 52, ಕಂಕುಳು ತೊಪ್ಪೆ, ಪಾಪೆ ಸೂಜಿಮೊನೆ ಎಂದಿಟ್ಟುಕೊಳ್ಳೋಣ. ಆಮ್ಲಜನಕ ಹಚ್ಚಿ, ರಕ್ತನಾಳಕ್ಕೆ 3 ಆಂಪ್ಯೂಲ್ ಅಂದರೆ 1.8 ಮಿಲಿಗ್ರಾಂ ಕೊಡಲಾಗುತ್ತದೆ. ಆಮ್ಲಜನಕದ ಸಿಲಿಂಡರ್ ಇಲ್ಲವೆಂದು ಅಟ್ರೋಪಿನ್ ತಡೆಹಿಡಿಯುವ ಹಳೆಯ ಪದ್ಧತಿಗೆ ಆಧಾರವಿಲ್ಲ. ಐದು ನಿಮಿಷ ಬಿಟ್ಟು ಸ್ಟೆತಸ್ಕೋಪು ಇಟ್ಟು ನೋಡಿದರೆ ಎದೆ ಹಾಗೆಯೇ ಇದೆ. ಈಗ ಎರಡರಷ್ಟು, 3.6 ಮಿಲಿಗ್ರಾಂ. ಮತ್ತೆ ಐದು ನಿಮಿಷ. ನಾಡಿ 70ಕ್ಕೆ ಏರಿದೆ, ಬೆವರು ತಗ್ಗಿದೆ, ಸದ್ದು ಇನ್ನೂ ಇದೆ. ಮತ್ತೆ ಎರಡರಷ್ಟು, 7.2 ಮಿಲಿಗ್ರಾಂ. ಹದಿನೈದನೆಯ ನಿಮಿಷಕ್ಕೆ ಎದೆ ತಿಳಿಯಾಗಿದೆ, ಕಂಕುಳು ಒಣಗಿದೆ, ನಾಡಿ 104. ಒಟ್ಟು 12.6 ಮಿಲಿಗ್ರಾಂ, 21 ಆಂಪ್ಯೂಲ್. ಇನ್ನೊಂದು ಸುತ್ತು ಬೇಕಾಗಿದ್ದರೆ 14.4 ಮಿಲಿಗ್ರಾಂ ಸೇರಿ ಒಟ್ಟು 27 ಮಿಲಿಗ್ರಾಂ, 45 ಆಂಪ್ಯೂಲ್ ಆಗುತ್ತಿತ್ತು. ವಿಷ ಕುಡಿದವರಲ್ಲಿ ಇಷ್ಟು ಬೇಕಾಗುವುದು ಅಪರೂಪವಲ್ಲ. ಸಣ್ಣ ಆಸ್ಪತ್ರೆಯ ಕಪಾಟಿನಲ್ಲಿ ಎಷ್ಟು ಆಂಪ್ಯೂಲ್ ಇರಬೇಕು ಎಂಬ ಲೆಕ್ಕವನ್ನು ಔಷಧಿ ಹೊಡೆಯುವ ಹಂಗಾಮು ಬರುವ ಮೊದಲೇ ಹಾಕಿಡಬೇಕು.

ಡೋಸನ್ನು ಹೀಗೆ ದುಪ್ಪಟ್ಟು ಮಾಡುತ್ತ ಹೋಗುವುದಕ್ಕೂ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಷ್ಟಷ್ಟೇ ಕೊಡುತ್ತ ಹೋಗುವುದಕ್ಕೂ ಇರುವ ಅಂತರವನ್ನು ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಅಳೆದು ತೋರಿಸಿದೆ. ಹಳೆಯ ರೀತಿಯಲ್ಲಿ ಗುರಿ ಮುಟ್ಟಲು ಸರಾಸರಿ 152 ನಿಮಿಷ ಹಿಡಿದರೆ, ಹೊಸ ರೀತಿಯಲ್ಲಿ 24 ನಿಮಿಷ. ಸಾವು ಶೇ. 22.5ರಿಂದ ಶೇ. 8ಕ್ಕೆ ಇಳಿಯಿತು. ಎರಡು ಗುಂಪಿಗೂ ಮದ್ದು ಅದೇ ಅಟ್ರೋಪಿನ್. ಬೇರೆಯಾಗಿದ್ದದ್ದು ಎದೆಯಲ್ಲಿ ನೀರು ನಿಂತ ಹೊತ್ತು.

ಗುರಿ ಮುಟ್ಟಿತೆಂದು ತಿಳಿಯುವುದು ಮುಖ್ಯವಾಗಿ ಎದೆಯ ಸದ್ದಿನಿಂದ. ಜೊತೆಗೆ ನಾಡಿ 80ಕ್ಕಿಂತ, ಮೇಲಿನ ರಕ್ತದೊತ್ತಡ 80ಕ್ಕಿಂತ ಹೆಚ್ಚಿರಬೇಕು, ಕಂಕುಳು ಒಣಗಿರಬೇಕು. ಪಾಪೆ ಹಿಗ್ಗಲಿ ಎಂದು ಕಾಯುವುದು ತಪ್ಪು, ಅದು ತಡವಾಗಿ ಹಿಗ್ಗುತ್ತದೆ. ಔಷಧಿಯ ಹನಿ ನೇರವಾಗಿ ಕಣ್ಣಿಗೆ ಬಿದ್ದಿದ್ದರಂತೂ ಪಾಪೆಯನ್ನು ನಂಬುವಂತೆಯೇ ಇಲ್ಲ. ನಾಡಿ ಮೊದಲೇ ವೇಗವಾಗಿದೆಯೆಂದು ಅಟ್ರೋಪಿನ್ ಕೊಡದಿರುವುದೂ ತಪ್ಪು. ನಿಕೋಟಿನಿಕ್ ಗ್ರಾಹಕಗಳ ಪ್ರಚೋದನೆಯಿಂದಲೋ ಆಮ್ಲಜನಕದ ಕೊರತೆಯಿಂದಲೋ ನಾಡಿ ಓಡುತ್ತಿರಬಹುದು. ಎದೆಯ ಒಂದೇ ಮೂಲೆಯಲ್ಲಿ ಸದ್ದು ಉಳಿದುಕೊಂಡಿದ್ದರೆ ಅದು ವಾಂತಿ ಶ್ವಾಸಕೋಶಕ್ಕೆ ಹೋಗಿದ್ದರ ಗುರುತಾಗಿರಬಹುದು. ಅದನ್ನು ಒಣಗಿಸಲು ಅಟ್ರೋಪಿನ್ ಸುರಿಯುತ್ತ ಹೋದರೆ ಪ್ರಯೋಜನವಿಲ್ಲ.

ಆಮೇಲೆ ಒಟ್ಟು ಡೋಸಿನ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಸಲೈನಿನ ಮೂಲಕ ಕೊಡಲಾಗುತ್ತದೆ. ಈ ರೈತನಿಗೆ ಅದು ಗಂಟೆಗೆ ಸುಮಾರು 1.3ರಿಂದ 2.5 ಮಿಲಿಗ್ರಾಂ. ಹೆಚ್ಚಾದರೂ ಕಷ್ಟವೇ: ಮೈ ಸುಡುತ್ತದೆ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಾನೆ, ಕರುಳಿನ ಸದ್ದು ನಿಲ್ಲುತ್ತದೆ, ಮೂತ್ರ ಕಟ್ಟುತ್ತದೆ. ಆಗ ಅದನ್ನು ನಿಲ್ಲಿಸಿ, ಲಕ್ಷಣಗಳು ಇಳಿದ ಮೇಲೆ ಕಡಿಮೆ ವೇಗದಲ್ಲಿ ಮತ್ತೆ ಶುರುಮಾಡುತ್ತಾರೆ. ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಮಟ್ಟವನ್ನು ಪರೀಕ್ಷಿಸುವುದು ರೋಗನಿರ್ಣಯಕ್ಕೆ ಒತ್ತಾಸೆಯಾಗುತ್ತದೆ. ಆದರೆ ಅದರ ವರದಿ ಬರಲೆಂದು ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. ಜನರಿಂದ ಜನರಿಗೆ ಸಹಜ ಮಟ್ಟವೇ ಬಹಳ ಬೇರೆಯಿರುವುದರಿಂದ ಅದೊಂದರ ಮೇಲೆ ಡೋಸ್ ನಿರ್ಧರಿಸುವಂತೆಯೂ ಇಲ್ಲ.

ಅಟ್ರೋಪಿನ್ ತಲುಪದ ಕಡೆ

ಅಟ್ರೋಪಿನ್ ಕೂರುವುದು ಮಸ್ಕರಿನಿಕ್ ಗ್ರಾಹಕದಲ್ಲಿ ಮಾತ್ರ. ನಿಕೋಟಿನಿಕ್ ಗ್ರಾಹಕವನ್ನು ಅದು ಮುಟ್ಟುವುದಿಲ್ಲ. ಎದೆ ತಿಳಿಯಾಗಿ ಬೆವರು ನಿಂತ ರೈತನ ತೊಡೆ ಇನ್ನೂ ಅದುರುತ್ತಿರುತ್ತದೆ, ಕೈಕಾಲುಗಳಲ್ಲಿ ಬಲವಿರುವುದಿಲ್ಲ. ಮನೆಯವರಿಗೆ ಅವನು ಚೇತರಿಸಿಕೊಂಡಂತೆ ಕಾಣುತ್ತಾನೆ. ಎಷ್ಟೋ ಸಲ ಊಟ ಮಾಡುತ್ತಾನೆ, ಮಾತಾಡುತ್ತಾನೆ. ಆದರೆ ಒಂದರಿಂದ ನಾಲ್ಕು ದಿನಗಳ ನಡುವೆ ಕೆಲವರಲ್ಲಿ ಕುತ್ತಿಗೆಯ, ಭುಜದ, ಉಸಿರಾಟದ ಸ್ನಾಯುಗಳು ಹಠಾತ್ತನೆ ಸೋಲುತ್ತವೆ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಲ್ಲಿಯದ್ದೆ ಎಂಬ ವೈದ್ಯರು ಇದನ್ನು ಗುರುತಿಸಿ ಮಧ್ಯಂತರ ಲಕ್ಷಣಕೂಟ ಎಂದು ಕರೆದರು. ಇದರ ಮೊದಲ ಸುಳಿವು ಬಹಳ ಸರಳ: ಅಂಗಾತ ಮಲಗಿದ ರೋಗಿಗೆ ದಿಂಬಿನಿಂದ ತಲೆ ಎತ್ತಿ ಹಿಡಿಯಲು ಆಗುವುದಿಲ್ಲ. ಪ್ರತಿ ಕೆಲವು ಗಂಟೆಗೆ ದಾದಿ ಇದೊಂದನ್ನು ಮಾಡಿಸಿ ನೋಡಿದರೆ ಉಸಿರು ನಿಲ್ಲುವ ಮೊದಲೇ ತಿಳಿಯುತ್ತದೆ. ಇದಕ್ಕೆ ಮದ್ದಿಲ್ಲ. ಸ್ನಾಯುಗಳು ಮರಳಿ ಬಲ ಪಡೆಯುವವರೆಗೆ, ಕೆಲವೊಮ್ಮೆ ವಾರಗಟ್ಟಲೆ, ವೆಂಟಿಲೇಟರ್ ಉಸಿರಾಡಿಸಬೇಕು. ವೆಂಟಿಲೇಟರ್ ಇಲ್ಲದ ಆಸ್ಪತ್ರೆಯಿಂದ ಇರುವ ಕಡೆಗೆ ರೋಗಿಯನ್ನು ಸಾಗಿಸುವ ತೀರ್ಮಾನವನ್ನು ಎದೆ ಒಣಗಿದ ಮೇಲೆ, ಆದರೆ ಕುತ್ತಿಗೆ ಸೋಲುವ ಮೊದಲು ತೆಗೆದುಕೊಳ್ಳಬೇಕಾಗುವುದು ಈ ಕಾರಣಕ್ಕೆ.

ಕಿಣ್ವವನ್ನೇ ಬಿಡಿಸುವ ಮದ್ದೊಂದಿದೆ, ಪ್ರಾಲಿಡಾಕ್ಸಿಮ್. ಆಸ್ಪತ್ರೆಗಳಲ್ಲಿ ಅದಕ್ಕೆ ಪ್ಯಾಮ್ ಎನ್ನುತ್ತಾರೆ. ಅದು ಸೀರಿನ್‌ಗೆ ಅಂಟಿದ ರಂಜಕವನ್ನು ತನ್ನತ್ತ ಎಳೆದುಕೊಂಡು ಕಿಣ್ವವನ್ನು ಬಿಡುಗಡೆ ಮಾಡುತ್ತದೆ, ಹಾಗಾಗಿ ಸ್ನಾಯುಗಳಿಗೂ ನೆರವಾಗಬೇಕು. ಆದರೆ ಕಿಣ್ವ ಮುಪ್ಪಾಗುವ ಮೊದಲು ಅದು ತಲುಪಬೇಕು. ಡೈಮಿಥೈಲ್ ವಿಷ ತಾಗಿ ಅರ್ಧ ದಿನ ಕಳೆದ ಮೇಲೆ ಬಂದವರಿಗೆ ಅದರಿಂದ ನಿರೀಕ್ಷಿಸುವುದು ಕಡಿಮೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹೆಚ್ಚಿನ ಪ್ರಮಾಣವನ್ನು ಎಡೆಬಿಡದೆ ಕೊಟ್ಟ ಪ್ರಯೋಗ (2006) ಲಾಭ ಕಂಡಿತು. ಶ್ರೀಲಂಕಾದ ಪ್ರಯೋಗ (2009) ಕಾಣಲಿಲ್ಲ. ಪ್ಯಾಮ್ ಬಗೆಗಿನ ಜಿಜ್ಞಾಸೆ ಮುಂದುವರಿದಿದೆ, ಅಟ್ರೋಪಿನ್ ಬಗೆಗೆ ಅಂಥ ಜಿಜ್ಞಾಸೆಯಿಲ್ಲ. ಸೆಳವು ಬಂದರೆ ಡಯಾಜೆಪಾಮ್ ಕೊಡುತ್ತಾರೆ.

ಕೆಲವು ಆರ್ಗನೋಫಾಸ್ಫೇಟ್‌ಗಳು ಎರಡು ಮೂರು ವಾರಗಳ ನಂತರ ಪಾದಗಳಲ್ಲಿ ಜುಮುಜುಮು, ಆಮೇಲೆ ನಿಶ್ಶಕ್ತಿ ತರುತ್ತವೆ. ಇದು ಬೇರೊಂದು ಕಿಣ್ವ ಕೆಟ್ಟು ಉದ್ದನೆಯ ನರಗಳು ತುದಿಯಿಂದ ಸಾಯುವುದರ ಫಲ. ಅಟ್ರೋಪಿನ್‌ಗೂ ಇದಕ್ಕೂ ಸಂಬಂಧವಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ರೈತನ ದೇಹದಲ್ಲಿ ಕಿಣ್ವ ಎಂದಿನ ಮಟ್ಟಕ್ಕೆ ಬಂದಿರುವುದಿಲ್ಲ. ಕೆಂಪು ರಕ್ತಕಣಗಳ ಮೇಲಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಹೊಸ ಕಣಗಳು ಹುಟ್ಟಿದಂತೆ ದಿನಕ್ಕೆ ಶೇ. 1ರಷ್ಟರಂತೆ ಮರಳುತ್ತದೆ, ಕಣಗಳ ಆಯುಸ್ಸು ಸುಮಾರು 120 ದಿನ. ಅಷ್ಟರೊಳಗೆ ಮತ್ತೆ ಪಂಪು ಹೊತ್ತರೆ, ಮೊದಲ ಸಲ ತಡೆದುಕೊಂಡದ್ದಕ್ಕಿಂತ ಕಡಿಮೆ ಔಷಧಿಗೇ ಮೈ ಬೀಳುತ್ತದೆ. ಹಂಗಾಮಿನುದ್ದಕ್ಕೂ ಕೂಲಿಗೆ ಸಿಂಪಡಿಸುವವರಲ್ಲಿ ಒಮ್ಮೆಯೂ ಲಕ್ಷಣ ಕಾಣದೆಯೇ ಕಿಣ್ವ ವಾರದಿಂದ ವಾರಕ್ಕೆ ಇಳಿಯುತ್ತ ಬಂದಿರಬಹುದು. ಅಂಥವರ ರಕ್ತವನ್ನು ಹಂಗಾಮಿಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಪರೀಕ್ಷಿಸಿ, ಅವರದೇ ಮೊದಲ ಅಂಕಿಯೊಡನೆ ಹೋಲಿಸಿದರೆ ಇಳಿತ ಗೊತ್ತಾಗುತ್ತದೆ. ಗಣನೀಯವಾಗಿ ಇಳಿದಿದ್ದರೆ ಮಟ್ಟ ಮರಳುವವರೆಗೆ ಅವರಿಗೆ ಸಿಂಪಡಣೆ ಬಿಟ್ಟು ಬೇರೆ ಕೆಲಸ ಕೊಡಬೇಕು.